ಲಾಗ್-ಲಾಗ್ ಗ್ರಾಫಲ್ಲಿ 2.5 ಬರೋ ಕಡೆ 3.04 ಯಾಕ್ ಬಂತು

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಬ್ಲಾಸಮ್ ಟೈಮಿಗೆ ಸ್ಪ್ರಿಂಕ್ಲರ್ ಹೊಡೆಯೋಕೆ ಹಳ್ಳದಲ್ಲಿ ಎಷ್ಟು ನೀರು ಬರತ್ತೆ ಅಂತ ಗೊತ್ತಾಗಲಿ ಅಂತ 90 ಡಿಗ್ರಿ ವಿ-ನಾಚ್ ಪ್ಲೇಟ್, ಅಂದ್ರೆ ನೀರು ಹಾಯೋಕೆ ವಿ ಆಕಾರದ ಬಾಯಿ ಇರೋ ಪ್ಲೇಟ್, ಕೂರಿಸಿದೀನಿ. ಮೇಲ್ಗಡೆ ಒಂದೂವರೆ ಮೀಟರ್ ದೂರದಲ್ಲಿ ಗೂಟಕ್ಕೆ ಸ್ಕೇಲ್ ಹೊಡೆದು, ಮೇಸ್ತ್ರಿ ಹತ್ರ ಲೆವೆಲ್ ಪೈಪ್ ಹಿಡಿಸಿ ಸೊನ್ನೆ ಸೆಟ್ ಮಾಡಿಸಿದ್ದು. ಬಕೆಟ್, ಬ್ಯಾರಲ್ ಹಿಡಿದು ಅಳೆದಾಗ ಸ್ಕೇಲಲ್ಲಿ 3, 4, 6, 9, 13 ಸೆಂ.ಮೀ. ಇದ್ದಾಗ ಸೆಕೆಂಡಿಗೆ 0.078, 0.21, 0.77, 2.5, 6.8 ಲೀಟರ್ ಬಂತು. ಎಕ್ಸೆಲ್ಲಲ್ಲಿ ಲಾಗ್-ಲಾಗ್ ಹಾಕಿ ಪವರ್ ಟ್ರೆಂಡ್‌ಲೈನ್ ಎಳೆದ್ರೆ ಪವರ್ 3.04, R² 0.998. ಪುಸ್ತಕದಲ್ಲಿ 2.5 ಅಂತಿದೆ. R² ಇಷ್ಟು ಚೆನ್ನಾಗಿರೋವಾಗ ನನ್ನ ಹಳ್ಳಕ್ಕೆ 3.04 ಅಂತಾನೇ ಇಟ್ಕೊಳ್ಳಬಹುದಾ? ಈ ಸ್ಲೋಪ್ ಅಂದ್ರೆ ನಿಜವಾಗಿ ಏನು?

ಉತ್ತರ:

ಇಟ್ಕೋಬೇಡಿ. ನಿಮ್ಮ ಅಳತೆ ಚೆನ್ನಾಗಿದೆ, ನೀರೂ 2.5ರ ಲೆಕ್ಕದಲ್ಲೇ ಹರೀತಿದೆ, ತಪ್ಪಿರೋದು ಬಹುಶಃ ಗೂಟದ ಮೇಲಿರೋ ಸ್ಕೇಲಿನ ಸೊನ್ನೆ, ಅದೂ ಸುಮಾರು ಒಂದು ಸೆಂಟಿಮೀಟರ್. ತೋಟಕ್ಕೆ ಬಂದು ನೋಡದೆ ಹಾಸನದಲ್ಲಿ ಕೂತ್ಕೊಂಡು ಇದನ್ನ ಹೇಗೆ ಹೇಳ್ತಿದೀನಿ ಅಂದ್ರೆ ನೀವು ಕಳಿಸಿರೋ ಐದು ಅಂಕಿಯಲ್ಲೇ ಅದು ಕಾಣ್ತಿದೆ, ಆದ್ರೆ ಒಂದೇ ಗೆರೆ ಎಳೆದು ಒಂದೇ ಸ್ಲೋಪ್ ತಗೊಂಡ್ರೆ ಕಾಣಲ್ಲ, ಪಕ್ಕಪಕ್ಕದ ಎರಡೆರಡು ಪಾಯಿಂಟ್ ಮಧ್ಯೆ ಬೇರೆ ಬೇರೆ ಸ್ಲೋಪ್ ತೆಗೀಬೇಕು. ಎತ್ತರ A ಕಾಲಮ್ಮಲ್ಲಿ, ಹರಿವು B ಕಾಲಮ್ಮಲ್ಲಿ ಇದ್ರೆ ಇಷ್ಟು ಸಾಕು:

```
=LN(B3/B2)/LN(A3/A2)
```

ಇದನ್ನ ಕೆಳಗೆ ಎಳೀರಿ. 3ರಿಂದ 4ಕ್ಕೆ ಹೋಗೋವಾಗ 3.44 ಬರತ್ತೆ, 4ರಿಂದ 6ಕ್ಕೆ 3.20, 6ರಿಂದ 9ಕ್ಕೆ 2.90, 9ರಿಂದ 13ಕ್ಕೆ 2.72. ನೋಡಿ, ಎಲ್ಲೂ 3.04 ಅನ್ನೋದು ನಿಂತಿಲ್ಲ, ಸ್ಲೋಪ್ ಒಂದೇ ದಿಕ್ಕಲ್ಲಿ ಇಳೀತಾ ಹೋಗ್ತಿದೆ. ಅಂದ್ರೆ ಅದು ನೇರ ಗೆರೆನೇ ಅಲ್ಲ, ಸ್ವಲ್ಪ ಬಾಗಿರೋ ಗೆರೆ, ಎಕ್ಸೆಲ್ ಅದರ ಮೇಲೆ ಬಲವಂತವಾಗಿ ಒಂದು ನೇರ ಗೆರೆ ಕೂರಿಸಿ ಸರಾಸರಿ ಥರ 3.04 ಅಂತ ಕೊಟ್ಟಿದೆ.

R² ಯಾಕೆ ಇದನ್ನ ಹಿಡೀಲಿಲ್ಲ ಅಂದ್ರೆ, ನಿಮ್ಮ ಹರಿವು 0.078ರಿಂದ 6.8ಕ್ಕೆ ಅಂದ್ರೆ ಸುಮಾರು 87 ಪಟ್ಟು ಏರಿದೆ. ಅಷ್ಟು ದೊಡ್ಡ ಏರಿಕೆ ಮುಂದೆ ಗೆರೆಯ ಸಣ್ಣ ಬಾಗು ಲೆಕ್ಕಕ್ಕೇ ಬರಲ್ಲ, ಲಾಗ್-ಲಾಗಲ್ಲಿ ಮೇಲಕ್ಕೆ ಹೋಗೋ, ಸ್ವಲ್ಪ ಬಾಗಿರೋ ನುಣುಪಾದ ಗೆರೆಗೂ 0.99 ಸುಲಭವಾಗಿ ಸಿಕ್ಕಿಬಿಡತ್ತೆ. ಅದರ ಬದಲು ಪ್ರತಿ ಪಾಯಿಂಟು ಟ್ರೆಂಡ್‌ಲೈನಿಂದ ಎಷ್ಟು ದೂರ ಇದೆ ನೋಡಿ. ನಾನು ಲೆಕ್ಕ ಹಾಕಿದೆ, ಮೊದಲನೇದು ಗೆರೆಗಿಂತ ಸುಮಾರು 8 ಶೇಕಡ ಕೆಳಗೆ, ಆಮೇಲೆ 3 ಮೇಲೆ, 10 ಮೇಲೆ, 4 ಮೇಲೆ, ಕೊನೇದು ಮತ್ತೆ 8 ಕೆಳಗೆ. ಎರಡೂ ತುದಿ ಕೆಳಗೆ, ಹೊಟ್ಟೆ ಮೇಲೆ. ಬಕೆಟ್ ಹಿಡಿಯೋದ್ರಲ್ಲಿ ಆಗೋ ತಪ್ಪು ಹೀಗೆ ಸಾಲಾಗಿ ಬರಲ್ಲ, ಅದು ಅಲ್ಲೊಂದು ಇಲ್ಲೊಂದು ಚೆಲ್ಲಾಪಿಲ್ಲಿ ಆಗಿರತ್ತೆ. ಹೀಗೆ ಬಿಲ್ಲಿನ ಆಕಾರ ಬಂದ್ರೆ ಫಾರ್ಮುಲಾದ ರೂಪದಲ್ಲೇ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ಈಗ ಸ್ಲೋಪ್ ಅಂದ್ರೆ ಏನು ಅನ್ನೋದಕ್ಕೆ ಬರ್ತೀನಿ, ಅದು ಸರಿಯಾಗಿ ಕೂತ್ರೆ ಉಳಿದಿದ್ದೆಲ್ಲ ತಾನಾಗೇ ಬಿಚ್ಕೊಳ್ಳತ್ತೆ. ಮಾಮೂಲಿ ಗ್ರಾಫಲ್ಲಿ ಸ್ಲೋಪ್ ಅಂದ್ರೆ ನೀರು ಒಂದು ಸೆಂಟಿಮೀಟರ್ ಏರಿದ್ರೆ ಹರಿವು ಎಷ್ಟು ಲೀಟರ್ ಜಾಸ್ತಿ ಆಗತ್ತೆ ಅನ್ನೋದು. ಲಾಗ್-ಲಾಗಲ್ಲಿ ಕೇಳೋ ಪ್ರಶ್ನೆನೇ ಬೇರೆ: ಎತ್ತರ ಶೇಕಡ ಒಂದು ಏರಿದ್ರೆ ಹರಿವು ಶೇಕಡ ಎಷ್ಟು ಏರತ್ತೆ. ಯಾಕಂದ್ರೆ ಎತ್ತರ h, ಹರಿವು Q ಅಂತ ಇಟ್ಕೊಂಡ್ರೆ, ln h ಅನ್ನೋದ್ರಲ್ಲಿ ಆಗೋ ಸಣ್ಣ ಬದಲಾವಣೆ ಅಂದ್ರೆ dh/h, ಅದು ಇದ್ದದ್ದರಲ್ಲಿ ಎಷ್ಟು ಪಾಲು ಏರಿತು ಅನ್ನೋದು, ln Q ಗೂ ಹಾಗೇ dQ/Q. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ

s = d(ln Q)/d(ln h) = (h/Q) · dQ/dh

ಇದಕ್ಕೆ ಲಾಗರಿದಮಿಕ್ ಡೆರಿವೇಟಿವ್ ಅಂತಾರೆ. ಇದು ಪ್ರತಿ ಜಾಗದಲ್ಲೂ ಇರೋ ಸಂಖ್ಯೆ, ಇಡೀ ಗ್ರಾಫಿಗೆ ಒಂದೇ ಅಂತ ಇರಬೇಕಾಗಿಲ್ಲ. Q = C·hⁿ ಅನ್ನೋ ಪವರ್ ಲಾ ಇದ್ದಾಗ ಮಾತ್ರ ln Q = ln C + n·ln h ಆಗಿ s ಎಲ್ಲಾ ಕಡೆನೂ n ಆಗಿರತ್ತೆ, ಗೆರೆ ನೆಟ್ಟಗಿರತ್ತೆ. ಹಾಗಾಗಿ ಪವರ್ ಲಾ ಹೌದೋ ಅಲ್ಲವೋ ಅನ್ನೋ ಪರೀಕ್ಷೆ ಅಂದ್ರೆ s ಬದಲಾಗದೆ ನಿಂತಿದೆಯಾ ಅಂತ ನೋಡೋದು, ಗೆರೆ ಎಷ್ಟು ಚೆನ್ನಾಗಿ ಕೂತಿದೆ ಅಂತ ನೋಡೋದಲ್ಲ. ಎಲ್ಲರೂ ಉಲ್ಟಾ ಮಾಡ್ತಾರೆ, ಮೊದಲು ಪವರ್ ಲಾ ಅಂತ ಒಪ್ಕೊಂಡುಬಿಟ್ಟು ಆಮೇಲೆ ಪವರ್ ಹುಡುಕ್ತಾರೆ.

ಈ 2.5 ಎಲ್ಲಿಂದ ಬಂತು ಅನ್ನೋದೂ ಇದರಲ್ಲೇ ಚಂದವಾಗಿ ಕಾಣತ್ತೆ. ಹರಿವು ಅಂದ್ರೆ ನೀರು ಹಾದುಹೋಗೋ ಜಾಗ ಗುಣಿಸು ವೇಗ. ಎರಡು ಸಂಖ್ಯೆ ಗುಣಿಸಿದ್ರೆ ಅವುಗಳ ಶೇಕಡಾವಾರು ಏರಿಕೆ ಕೂಡ್ತವೆ, ಹಂಗಾಗಿ ಲಾಗ್ ಸ್ಲೋಪೂ ಕೂಡ್ತವೆ. ವಿ ಆಕಾರದ ಬಾಯಲ್ಲಿ ನೀರು ಎರಡು ಪಟ್ಟು ಎತ್ತರ ನಿಂತ್ರೆ ಮೇಲಿನ ಅಗಲವೂ ಎರಡು ಪಟ್ಟು, ಜಾಗ ನಾಲ್ಕು ಪಟ್ಟು, ಅಂದ್ರೆ ಜಾಗದ ಸ್ಲೋಪ್ 2. ವೇಗ ಮೇಲಿರೋ ನೀರಿನ ಎತ್ತರದ ವರ್ಗಮೂಲದ ಹಾಗೆ ಏರತ್ತೆ, ಟೊರಿಚೆಲ್ಲಿ ಹೇಳಿದ ನಿಯಮ, ಅದರ ಸ್ಲೋಪ್ 0.5. ಎರಡೂ ಸೇರಿ 2.5. ಇಂಟಿಗ್ರೇಶನ್ ಏನೂ ಬೇಡ, ಅದು C ಎಷ್ಟು ಅಂತ ತಿಳಿಯೋಕೆ ಮಾತ್ರ ಬೇಕು. ಬಾಯಿ ಚೌಕ ಇದ್ದಿದ್ರೆ ಜಾಗದ ಸ್ಲೋಪ್ 1 ಆಗಿ ಒಟ್ಟು 1.5 ಬರ್ತಿತ್ತು, ಬೇಕಾದ್ರೆ ಪುಸ್ತಕದಲ್ಲಿ ನೋಡಿ, ಅಲ್ಲಿ ಹಾಗೇ ಇರತ್ತೆ. ಹಳ್ಳ ಮೂಡಿಗೆರೆದಾದ್ರೂ ಸಕಲೇಶಪುರದ್ದಾದ್ರೂ ಈ ಎರಡು ಕಾರಣ ಬದಲಾಗಲ್ಲ, ಅದಕ್ಕೇ ನಿಮ್ಮ 3.04 ನೋಡಿದ ತಕ್ಷಣ ನಂಗೆ ಹಳ್ಳದ ಮೇಲೆ ಅನುಮಾನ ಬರಲಿಲ್ಲ.

ಇನ್ನು ಮುಖ್ಯವಾದ ವಿಷಯ. ಲಾಗ್ ಗುಣಾಕಾರವನ್ನ ಕ್ಷಮಿಸತ್ತೆ, ಸಂಕಲನವನ್ನ ಕ್ಷಮಿಸಲ್ಲ. ನೀವು ಸೆಂಟಿಮೀಟರ್ ಬದಲು ಇಂಚಲ್ಲಿ ಅಳೆದಿದ್ರೂ, ಲೀಟರ್ ಬದಲು ಕೊಡದ ಲೆಕ್ಕದಲ್ಲಿ ಹಾಕಿದ್ರೂ, ನಿಮ್ಮ ಬ್ಯಾರಲ್ 200 ಲೀಟರ್ ಅಂದ್ಕೊಂಡಿದ್ದು ನಿಜವಾಗಿ 210 ಇದ್ರೂ ಸ್ಲೋಪ್ ಒಂದು ಚೂರೂ ಅಲ್ಲಾಡ್ತಿರಲಿಲ್ಲ, ಯಾಕಂದ್ರೆ ಅವೆಲ್ಲ ಗುಣಿಸೋ ತಪ್ಪು, ಲಾಗಲ್ಲಿ ಗೆರೆಯನ್ನ ಹಾಗೇ ಎತ್ತಿ ಪಕ್ಕಕ್ಕೋ ಮೇಲಕ್ಕೋ ಇಡತ್ತೆ ಅಷ್ಟೆ. (ಎಲ್ಲಾ ಅಳತೆಗೂ ಅದೇ ಬ್ಯಾರಲ್ ಆಗಿರಬೇಕು ಅನ್ನೋದು ನೆನಪಿರಲಿ. ಸಣ್ಣ ಹರಿವಿಗೆ ಬಕೆಟ್, ದೊಡ್ಡದಕ್ಕೆ ಬ್ಯಾರಲ್ ಅಂತ ಬದಲಾಯಿಸಿದ ಕಡೆ ಗೆರೆ ಸಣ್ಣದಾಗಿ ಮೆಟ್ಟಿಲು ಹಾರಬಹುದು.) ಆದ್ರೆ ಸ್ಕೇಲಿನ ಸೊನ್ನೆ ಜರುಗಿದ್ರೆ ಅದು ಕೂಡೋ ತಪ್ಪು. 2 ಸೆಂ.ಮೀ. ನೀರಿಗೆ ಒಂದು ಸೇರಿದ್ರೆ ಅರ್ಧದಷ್ಟು ಜಾಸ್ತಿ ಆಯ್ತು, 12 ಸೆಂ.ಮೀ.ಗೆ ಅದೇ ಒಂದು ಸೇರಿದ್ರೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಕೆಳಗಡೆ ಪಾಯಿಂಟುಗಳು ಬಲಕ್ಕೆ ಜಾಸ್ತಿ ಜರುಗ್ತವೆ, ಮೇಲ್ಗಡೆಯವು ಸ್ವಲ್ಪ, ಗೆರೆ ಬಾಗತ್ತೆ.

ಎಷ್ಟು ಬಾಗತ್ತೆ ಅನ್ನೋದನ್ನ ಲಾಗರಿದಮಿಕ್ ಡೆರಿವೇಟಿವ್ ನೇರವಾಗಿ ಹೇಳತ್ತೆ. ವಿ ತುದಿಯಿಂದ ನಿಜವಾದ ಎತ್ತರ H, ನಿಮ್ಮ ಸ್ಕೇಲ್ ತೋರಿಸೋದು h, ಸ್ಕೇಲಿನ ಸೊನ್ನೆ ವಿ ತುದಿಗಿಂತ a ಅಷ್ಟು ಕೆಳಗಿದೆ ಅಂತ ಇಟ್ಕೊಳ್ಳಿ. ಆಗ H = h − a, Q = C·(h − a)ⁿ. ಮೇಲಿನ ಸೂತ್ರದಲ್ಲಿ ಇದನ್ನ ಹಾಕಿದ್ರೆ

s = n · h/(h − a)

C ಮಾಯವಾಗಿದೆ ನೋಡಿ. a ಸೊನ್ನೆ ಆದ್ರೆ s = n. a ಪಾಸಿಟಿವ್ ಇದ್ರೆ h ಸಣ್ಣದಿದ್ದಾಗ s ದೊಡ್ಡದಾಗಿ ಶುರುವಾಗಿ, h ಏರ್ತಾ ಏರ್ತಾ ಮೇಲಿಂದ n ಕಡೆಗೆ ಇಳಿಯತ್ತೆ. ನಿಮ್ಮ 3.44, 3.20, 2.90, 2.72 ಮಾಡ್ತಿರೋದು ಇದೇ.

a ಎಷ್ಟು, n ಎಷ್ಟು ಅಂತ ಬೇರೆ ಬೇರೆ ಮಾಡೋಕೆ ಈ ಸಮೀಕರಣವನ್ನ ತಲೆಕೆಳಗು ಮಾಡಿ: 1/s = 1/n − (a/n)·(1/h). ಈಗ 1/h ಎದುರು 1/s ಹಾಕಿದ್ರೆ ಅದು ಮಾಮೂಲಿ ಗ್ರಾಫಲ್ಲಿ ನೇರ ಗೆರೆ. ಪ್ರತಿ ಸ್ಲೋಪು ಎರಡು ಪಾಯಿಂಟ್ ಮಧ್ಯದ್ದು, ಹಾಗಾಗಿ h ಗೆ ಯಾವ ಬೆಲೆ ಹಾಕಬೇಕು ಅಂದ್ರೆ ಲಾಗ್ ಸ್ಕೇಲಲ್ಲಿ ನಡುವೆ ಬರೋದು, ಅಂದ್ರೆ ಎರಡರ ಗುಣಲಬ್ಧದ ವರ್ಗಮೂಲ, `=SQRT(A2*A3)`. ನಿಮಗೆ ಅದು 3.46, 4.90, 7.35, 10.82 ಬರತ್ತೆ. ಅವುಗಳ 1/h ಕ್ರಮವಾಗಿ 0.289, 0.204, 0.136, 0.092. 1/s ಗಳು 0.291, 0.313, 0.345, 0.368. ಈ ನಾಲ್ಕಕ್ಕೆ ಲೀನಿಯರ್ ಟ್ರೆಂಡ್‌ಲೈನ್ ಹಾಕಿ, ಗೆರೆ ಎಡಗಡೆ ಅಕ್ಷವನ್ನ 0.40 ಹತ್ರ ಮುಟ್ಟತ್ತೆ, ಇಳಿಜಾರು −0.39 ಹತ್ರ. 1/n = 0.40 ಅಂದ್ರೆ n = 2.5. a = 0.39/0.40, ಅಂದ್ರೆ ಒಂದು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. 2.5 ಬರಲಿ ಅಂತ ನಾನು ಎಲ್ಲೂ ಒತ್ತಾಯ ಮಾಡಿಲ್ಲ, ನಿಮ್ಮ ಅಂಕಿಗಳೇ ಕೊಟ್ಟಿದ್ದು, ಆ ಕಾರಣಕ್ಕೇ ನಂಗೆ ಇದರ ಮೇಲೆ ನಂಬಿಕೆ.

ತಾಳೆ ನೋಡೋಣ. ಎಲ್ಲಾ ರೀಡಿಂಗಿಂದ ಒಂದು ಕಳೆದು 2, 3, 5, 8, 12 ಮಾಡಿ ಮತ್ತೆ ಮೊದಲಿನ ಸೂತ್ರವನ್ನೇ ಎಳೆದ್ರೆ ಸ್ಲೋಪ್ 2.44, 2.54, 2.51, 2.47. ಈಗ ಏರೋದೂ ಇಲ್ಲ ಇಳಿಯೋದೂ ಇಲ್ಲ, 2.5ರ ಸುತ್ತ ಸುಮ್ಮನೆ ತೂಗಾಡ್ತಿದೆ, ಅಳತೆ ತಪ್ಪು ಅಂದ್ರೆ ಹೀಗಿರಬೇಕು. ಹರಿವನ್ನ H^2.5 ಇಂದ ಭಾಗಿಸಿದ್ರೆ ಐದಕ್ಕೆ ಐದೂ 0.0135ರಿಂದ 0.0138 ಒಳಗೇ ಬರ್ತವೆ. 90 ಡಿಗ್ರಿ ನಾಚಿಗೆ ಡಿಸ್ಚಾರ್ಜ್ ಕೋಎಫಿಶಿಯೆಂಟ್, ಅಂದ್ರೆ ಲೆಕ್ಕದ ಹರಿವಲ್ಲಿ ನಿಜವಾಗಿ ಬರೋ ಪಾಲು, ಸುಮಾರು 0.58 ಹಾಕಿ ಲೆಕ್ಕ ಮಾಡಿದ್ರೆ, ಸೆಂಟಿಮೀಟರ್ ಮತ್ತು ಲೀಟರಲ್ಲಿ ಬರೋದು 0.0137. ನಿಮ್ಮ ಪ್ಲೇಟು ಒಳ್ಳೆ ಪ್ಲೇಟು.

ಇಷ್ಟಕ್ಕೂ ಅಳೆದ ಜಾಗದಲ್ಲಿ 3.04ರ ಫಾರ್ಮುಲಾನೂ ಹತ್ತು ಶೇಕಡ ಒಳಗೇ ಇದೆಯಲ್ಲ ಅಂತ ನಿಮಗೆ ಅನ್ನಿಸಬಹುದು. ಹೌದು, 3ರಿಂದ 13 ಸೆಂ.ಮೀ. ಒಳಗೆ ಅದನ್ನ ಬಳಸಿದ್ರೆ ದೊಡ್ಡ ಅನಾಹುತ ಏನಿಲ್ಲ. ಆದ್ರೆ ಜುಲೈಲಿ ಮಳೆ ಹಿಡಿದಾಗ ಸ್ಕೇಲ್ 31 ತೋರಿಸ್ತು ಅಂದ್ಕೊಳ್ಳಿ. ಬ್ಯಾರಲ್ ಹಿಡಿಯೋ ಮಾತೇ ಇಲ್ಲ, ಫಾರ್ಮುಲಾನೇ ಗತಿ. ಎಕ್ಸೆಲ್ಲಿನ 0.003·h^3.04 ಸೆಕೆಂಡಿಗೆ ಸುಮಾರು 103 ಲೀಟರ್ ಅನ್ನತ್ತೆ. ನಿಜವಾದ ಎತ್ತರ 30, ಅದಕ್ಕೆ ಬರೋದು ಸುಮಾರು 68 ಲೀಟರ್. ಒಂದೂವರೆ ಪಟ್ಟು ಜಾಸ್ತಿ ತೋರಿಸ್ತಿದೆ. ಆ ಲೆಕ್ಕ ನಂಬಿ ಕೆರೆ ತುಂಬೋಕೆ ಎಷ್ಟು ದಿನ ಬೇಕು ಅಂತ ಹಾಕಿದ್ರೆ ಫೆಬ್ರವರಿಲಿ ಸ್ಪ್ರಿಂಕ್ಲರ್ ಇಳಿಸೋ ಹೊತ್ತಿಗೆ ಕೆರೆಲಿ ನೀರಿರಲ್ಲ. ನಾನೇ ಹಿಂದೆ ಸಕಲೇಶಪುರ ಕಡೆ ಒಂದು ತೋಟದಲ್ಲಿ ಇದೇ ಥರ ಬೇಸಿಗೆ ಅಳತೆ ಮೇಲೆ ಫಿಟ್ ಮಾಡಿದ ಪವರನ್ನ ಮಳೆಗಾಲಕ್ಕೆ ಎಳೆದು ಲೆಕ್ಕ ಕೊಟ್ಟಿದ್ದೆ, ತೋಟದವರು ನನ್ನ ಮಾತು ನಂಬಿ ಮೋಟಾರ್ ಕೂಡ ತಂದಿಟ್ಟಿದ್ರು, ಅಷ್ಟು ನೀರು ಬರಲೇ ಇಲ್ಲ. ಆಗ ನಾನು ನೋಡಿದ್ದು R² ಒಂದೇ. ಅದು ಈಗಲೂ ಬೇಜಾರು, ಅದಕ್ಕೇ ನಿಮಗೆ ಇಷ್ಟು ಉದ್ದ ಬರೀತಿದೀನಿ.

1861ರಲ್ಲಿ ಬೆಲ್‌ಫಾಸ್ಟಿನ ಜೇಮ್ಸ್ ಥಾಮ್ಸನ್ (ಲಾರ್ಡ್ ಕೆಲ್ವಿನ್ ಅಣ್ಣ) ತ್ರಿಕೋನ ನಾಚನ್ನ ಪ್ರಯೋಗ ಮಾಡಿ ವರದಿ ಕೊಟ್ಟಾಗ ಅದರ ಹಿಂದಿದ್ದ ಯೋಚನೆ ಏನಂದ್ರೆ, ನೀರು ಸ್ವಲ್ಪ ಇರಲಿ ಜಾಸ್ತಿ ಇರಲಿ ವಿ ಒಳಗಿನ ಹರಿವಿನ ಆಕಾರ ಒಂದೇ ಥರ ಇರತ್ತೆ, ಸಣ್ಣ ಫೋಟೋ ದೊಡ್ಡದು ಮಾಡಿದ ಹಾಗೆ. ವಿ ಗೆ ತನ್ನದೇ ಅಂತ ಒಂದು ಅಳತೆ ಇಲ್ಲ, ಚೌಕದ ಬಾಯಿಗಾದ್ರೆ ಅಗಲ ಅಂತ ಒಂದು ಇದೆ. ಸ್ವಂತ ಅಳತೆ ಇಲ್ಲದ ಕಡೆ ಪವರ್ ಲಾ ಹುಟ್ಟತ್ತೆ, ಸ್ಲೋಪ್ ಎಲ್ಲಾ ಕಡೆ ಒಂದೇ ಇರತ್ತೆ. ನಿಮ್ಮ ಗೂಟದ ಆ ಒಂದು ಸೆಂಟಿಮೀಟರ್ ಬಂದು ಇಲ್ಲದ ಒಂದು ಅಳತೆಯನ್ನ ಒಳಗೆ ಸೇರಿಸಿಬಿಡ್ತು, h ಅದಕ್ಕೆ ಹತ್ರ ಇರೋ ತನಕ ಸ್ಲೋಪಲ್ಲಿ ಅದರ ಪ್ರಭಾವ ಕಾಣ್ತಾನೇ ಇರತ್ತೆ.

ಬೇರೆ ಕಾರಣಕ್ಕೂ ಸ್ಲೋಪ್ ಬಾಗಬಹುದು, ಆದ್ರೆ ಅವು ಬಾಗೋ ರೀತಿ ಬೇರೆ. ಸೊನ್ನೆ ಉಲ್ಟಾ ಕಡೆ ಜರುಗಿದ್ರೆ ಸ್ಲೋಪ್ 2.5ಗಿಂತ ಕಡಿಮೆಯಿಂದ ಶುರುವಾಗಿ ಮೇಲಕ್ಕೆ ಬರ್ತಿತ್ತು. ಪ್ಲೇಟಿನ ಬುಡದಲ್ಲಿ ನೀರು ಜಿನುಗಿ ಅದೂ ಬ್ಯಾರಲ್ಲಿಗೆ ಸೇರ್ತಿದ್ರೂ ಕೆಳಗಡೆ ಸ್ಲೋಪ್ ಕಡಿಮೆ ಕಾಣತ್ತೆ. ಇವೆಲ್ಲ ದೊಡ್ಡ h ಗೆ ಹೋದ ಹಾಗೆ 2.5ಕ್ಕೆ ಸೇರ್ಕೊಳ್ತವೆ. ಕೆಳಗೆ 2.5 ಇದ್ದು ಮೇಲಿನ ತುದಿಯಲ್ಲಿ ಸ್ಲೋಪ್ ಬಿದ್ರೆ ಮಾತ್ರ ಬೇರೆ ಕಾಯಿಲೆ, ಪ್ಲೇಟಿನ ಕೆಳಗಡೆ ಹಳ್ಳ ತುಂಬಿ ನೀರು ಹಿಂದಕ್ಕೆ ಒತ್ತಿ ನಾಚ್ ಮುಳುಗ್ತಿದೆ ಅಂತ. ಮಳೆಗಾಲದಲ್ಲಿ ಅದನ್ನ ನೋಡ್ಕೊಳ್ಳಿ, ನಾಚಿಂದ ಬೀಳೋ ನೀರಿನ ಕೆಳಗೆ ಗಾಳಿ ಆಡ್ತಿರಬೇಕು, ಅದು ನಿಂತುಹೋದ್ರೆ 2.5ರ ಫಾರ್ಮುಲಾನೂ ಕೆಲಸ ಮಾಡಲ್ಲ.

ಇನ್ನೊಂದು ಎಚ್ಚರಿಕೆ ನಾನು ಹೇಳಿದ ವಿಧಾನದ ಬಗ್ಗೆನೇ. ಎರಡೆರಡು ಪಾಯಿಂಟಲ್ಲಿ ಸ್ಲೋಪ್ ತೆಗೆದಾಗ ಅಳತೆ ತಪ್ಪು ಹಿಗ್ಗತ್ತೆ. ಎರಡು ಹರಿವಲ್ಲೂ ಐದೈದು ಶೇಕಡ ತಪ್ಪಿದ್ದು ಅವು ಎದುರು ಬದುರು ದಿಕ್ಕಿಗೆ ಬಿದ್ರೆ, 3ರಿಂದ 4ಕ್ಕೆ ಹೋಗೋವಾಗ ಸ್ಲೋಪಲ್ಲಿ 0.35ರಷ್ಟು ತಪ್ಪು ಬರತ್ತೆ, ಎತ್ತರ ಎರಡು ಪಟ್ಟು ಇರೋ ಜೋಡಿಯಲ್ಲಾದ್ರೆ 0.14 ಅಷ್ಟೆ. ಹಾಗಾಗಿ ಮುಂದೆ ಅಳೆಯೋವಾಗ 3, 4, 5, 6 ಅಂತ ಒತ್ತೊತ್ತಾಗಿ ತಗೋಬೇಡಿ, ಒಂದೂವರೆ ಎರಡು ಪಟ್ಟು ಬಿಟ್ಟು ಬಿಟ್ಟು ತಗೊಳ್ಳಿ. ಮತ್ತೆ ನಿಮ್ಮ ಮೊದಲ ಎರಡು ಪಾಯಿಂಟ್, ನಿಜವಾದ ಎತ್ತರ 2 ಮತ್ತು 3 ಸೆಂ.ಮೀ., ಅಲ್ಲಿ ನೀರು ಪ್ಲೇಟ್ ಬಿಟ್ಟು ಹಾರದೆ ಅದಕ್ಕೇ ಅಂಟ್ಕೊಂಡು ಇಳಿಯೋ ಸಾಧ್ಯತೆ ಇದೆ, ಸಾಮಾನ್ಯವಾಗಿ 6 ಸೆಂ.ಮೀ. ಕೆಳಗೆ ನಾಚನ್ನ ನಂಬಬೇಡಿ ಅಂತಾರೆ. ನಿಮ್ಮದು ಈ ಸಲ ಸಾಲಲ್ಲೇ ಬಂದಿದೆ, ಪ್ಲೇಟಿನ ಅಂಚು ಚೂಪಾಗಿರಬೇಕು, ಆದ್ರೂ a ಯನ್ನ ಆ ಎರಡರ ಮೇಲೇ ಪೂರ್ತಿ ನಿಲ್ಲಿಸೋದು ನಂಗೆ ಇಷ್ಟ ಇಲ್ಲ.

ಅದಕ್ಕೆ ಸೊನ್ನೆಯನ್ನ ನೇರವಾಗೇ ಹಿಡಿಯಿರಿ. ಮಾರ್ಚ್ ಹೊತ್ತಿಗೆ ಹಳ್ಳ ಸಣ್ಣಗಾದಾಗ, ಮೇಲ್ಗಡೆ ಮರಳು ಮೂಟೆ ಇಟ್ಟು ನೀರನ್ನ ಅರ್ಧ ಗಂಟೆ ಪಕ್ಕಕ್ಕೆ ತಿರುಗಿಸಿ. ನಾಚಿಂದ ನೀರು ಇಳಿದು ಇಳಿದು ಹನಿ ನಿಲ್ಲೋ ಹೊತ್ತಲ್ಲಿ ಪ್ಲೇಟಿನ ಹಿಂದೆ ನಿಂತಿರೋ ನೀರು ವಿ ತುದಿಯ ಮಟ್ಟಕ್ಕೇ ಇರತ್ತೆ, ಲೆವೆಲ್ ಪೈಪಿಗಿಂತ ಇದು ನಂಬಿಕಸ್ತ ಲೆವೆಲ್, ನೀರು ಅಂಚಿಗೆ ಹಿಡ್ಕೊಳ್ಳೋದ್ರಿಂದ ಒಂದೆರಡು ಮಿಲಿಮೀಟರ್ ಆಚೀಚೆ ಆಗಬಹುದು ಅಷ್ಟೆ. ಬುಡದಲ್ಲಿ ಜಿನುಗು ಇದ್ರೆ ಮಟ್ಟ ಇನ್ನೂ ಇಳಿದುಬಿಡತ್ತೆ, ಹಾಗಾಗಿ ಹನಿ ನಿಂತ ಕೂಡಲೇ ಗೂಟದ ಸ್ಕೇಲ್ ಎಷ್ಟು ತೋರಿಸತ್ತೆ ಓದ್ಕೊಳ್ಳಿ, ಅದೇ a. ಅದು 0.9 ರಿಂದ 1.1 ಒಳಗೆ ಬಂದ್ರೆ ಸ್ಕೇಲ್ ಕೀಳೋಕೆ ಹೋಗಬೇಡಿ, ಹಳೇ ರೀಡಿಂಗ್ ಎಲ್ಲ ಹಾಗೇ ಉಳಿಯಲಿ, ಲೆಕ್ಕದಲ್ಲಿ ಕಳೆದುಬಿಟ್ಟು 0.0137·(h − a)^2.5 ಬಳಸಿ. ಬೇರೆ ಏನಾದ್ರೂ ಬಂದ್ರೆ, ಉದಾಹರಣೆಗೆ ಸೊನ್ನೆಗೇ ಸರಿಯಾಗಿ ನಿಂತ್ರೆ, ಆಗ ನಾನು ಹೇಳಿದ್ದು ತಪ್ಪು, ಆ ರೀಡಿಂಗ್ ಜೊತೆಗೆ 18, 25 ಸೆಂ.ಮೀ. ಹತ್ರ ಇನ್ನೆರಡು ಅಳತೆ ಹೇಗಾದ್ರೂ ಮಾಡಿ ತೆಗೆದು ಕಳಿಸಿ, ಸ್ಲೋಪ್ ಅಲ್ಲಿ 2.5ಕ್ಕೆ ಬರತ್ತಾ ಇಲ್ವಾ ಅಂತ ಮತ್ತೆ ನೋಡೋಣ.